ಸಂಶೋಧನಾ ಲೇಖನದ ಮುಖ್ಯ ಫಲಿತಾಂಶ ಮತ್ತು ಮಿತಿಗಳನ್ನು ಹುಡುಕುವುದು ಹೇಗೆ?

“ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಸಾರಾಂಶವನ್ನೂ ಮಿತಿಗಳ ಪ್ಯಾರಾವನ್ನೂ ಓದಿದರೆ ಸಾಕೇ?”

ಸಾಲದು. ಪತ್ರಿಕೋದ್ಯಮ ಓದುತ್ತಿದ್ದಾಗ ಸೆಮಿನಾರಿಗೆಂದು ನಾನು ಆರಿಸಿಕೊಂಡದ್ದು ಬ್ರಿಟನ್ನಿನ ‘ರಿಕವರಿ’ ಪ್ರಯೋಗದ ಲೇಖನ. ಕೋವಿಡ್‌ನಿಂದ ಆಸ್ಪತ್ರೆ ಸೇರಿದವರಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಕೊಟ್ಟು ನೋಡಿದ ಅಧ್ಯಯನವದು. 28 ದಿನಗಳೊಳಗೆ ಔಷಧ ಪಡೆದವರಲ್ಲಿ ಶೇ 22.9, ಪಡೆಯದವರಲ್ಲಿ ಶೇ 25.7 ಮಂದಿ ತೀರಿಕೊಂಡರೆಂಬ ಸಾರಾಂಶದ ಮೊದಲ ಅಂಕಿಗಳನ್ನೇ ಮುಖ್ಯ ಫಲಿತಾಂಶವೆಂದು ಬರೆದುಕೊಂಡು, ಕೋವಿಡ್ ರೋಗಿಗಳಿಗೆ ಸ್ಟೆರಾಯ್ಡ್ ಜೀವರಕ್ಷಕ ಎಂದು ಮಂಡಿಸಿದೆ. “ಆಮ್ಲಜನಕವೇ ಬೇಕಿರದ ರೋಗಿಗೂ?” ಎಂದು ಮೇಷ್ಟ್ರು ಕೇಳಿದಾಗ ಉತ್ತರ ತೋಚಲಿಲ್ಲ, ಅಂಕಗಳೂ ಹೋದವು.

ಉತ್ತರ ಅದೇ ಸಾರಾಂಶದಲ್ಲಿ ಕೊಂಚ ಕೆಳಗಿತ್ತು. ನಾನು ನೆಚ್ಚಿಕೊಂಡಿದ್ದ ಒಟ್ಟು ಅಂಕಿಯೊಳಗೆ ಮೂರು ಬಗೆಯ ರೋಗಿಗಳು ಸೇರಿಹೋಗಿದ್ದರು. ವೆಂಟಿಲೇಟರ್‌ನಲ್ಲಿದ್ದವರ ಸಾವಿನ ಪ್ರಮಾಣ ಔಷಧವಿಲ್ಲದೆ ಶೇ 41.4 ಇದ್ದರೆ ಔಷಧ ಪಡೆದವರಲ್ಲಿ ಶೇ 29.3. ಆಮ್ಲಜನಕ ಮಾತ್ರ ಪಡೆಯುತ್ತಿದ್ದವರಲ್ಲಿ ಅದು 26.2 ಮತ್ತು 23.3. ಎರಡೂ ಬೇಕಿರದವರಲ್ಲಿ ಮಾತ್ರ ಲೆಕ್ಕ ತಿರುಗಿಬಿದ್ದಿತ್ತು: ಔಷಧವಿಲ್ಲದೆ 14.0, ಔಷಧ ಪಡೆದವರಲ್ಲಿ 17.8. ಹಾಗೆಂದು ಔಷಧವೇ ಅವರನ್ನು ಕೊಂದಿತೆಂದು ಬರೆದರೆ ಅದೂ ತಪ್ಪೇ. ಔಷಧ ಪಡೆದವರ ಸಾವಿನ ದರವನ್ನು ಪಡೆಯದವರ ದರಕ್ಕೆ, ವಯಸ್ಸಿನ ವ್ಯತ್ಯಾಸ ಸರಿದೂಗಿಸಿ, ಹೋಲಿಸಿದ ಅನುಪಾತ ಆ ಗುಂಪಿನಲ್ಲಿ 1.19 ಆಗಿದ್ದರೂ ಪಕ್ಕದಲ್ಲಿ ಕೊಟ್ಟ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ಅನುಪಾತ ಇರಬಹುದಾದ ವ್ಯಾಪ್ತಿ, 0.92ರಿಂದ 1.55ರವರೆಗಿತ್ತು, 1 ಎಂದರೆ ವ್ಯತ್ಯಾಸವಿಲ್ಲ ಎಂದರ್ಥ, ಅದು ಈ ವ್ಯಾಪ್ತಿಯೊಳಗೇ ಇದೆ. ಆದ್ದರಿಂದ ಪ್ರಯೋಜನ ಕಾಣಲಿಲ್ಲ, ಹಾನಿಯ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎನ್ನಬಹುದು, ಅಷ್ಟೇ.

ಹಾಗಾಗಿ ನಾನೀಗ ಮೊದಲು ವಿಧಾನದ ಭಾಗಕ್ಕೆ ಹೋಗಿ, ಸಂಶೋಧಕರು ಮುಖ್ಯವಾಗಿ ಅಳೆಯಲು ಹೊರಟಿದ್ದ ಸಂಗತಿ, ಅಂದರೆ ಪ್ರೈಮರಿ ಔಟ್‌ಕಮ್ ಯಾವುದೆಂದು ನೋಡುತ್ತೇನೆ. ಇಲ್ಲಿ ಅದು 28 ದಿನಗಳೊಳಗಿನ ಸಾವು. ಆಮೇಲೆ ಅದೇ ಸಂಗತಿಯ ಕೋಷ್ಟಕವನ್ನು ಸಾಲುಸಾಲಾಗಿ ಓದುತ್ತೇನೆ; ಸಾರಾಂಶದ ಸರದಿ ಕೊನೆಗೆ.

ಮಿತಿಗಳಿಗೆಂದೇ ಒಂದು ಪ್ಯಾರಾ ಇರುತ್ತದೆ, ಅದನ್ನು ನಕಲಿಸಿದರಾಯಿತು ಎಂಬ ನಂಬಿಕೆಯನ್ನಂತೂ ಬಿಟ್ಟುಬಿಡಿ. ಮಿತಿಯ ತೂಕ ಅಳೆದ ಸಂಗತಿಯನ್ನು ಅವಲಂಬಿಸಿರುತ್ತದೆ. ಈ ಪ್ರಯೋಗದಲ್ಲಿ ಪ್ಲಸೀಬೋ, ಅಂದರೆ ಔಷಧದಂತೆಯೇ ಕಾಣುವ ಹುಸಿ ಮದ್ದು ಇರಲಿಲ್ಲ, ಯಾರಿಗೆ ಔಷಧ ಸಿಕ್ಕಿದೆಯೆಂದು ವೈದ್ಯರಿಗೂ ರೋಗಿಗಳಿಗೂ ತಿಳಿದಿತ್ತು. ಎಷ್ಟು ಹಾಯೆನಿಸಿತೆಂದು ರೋಗಿಯನ್ನೇ ಕೇಳಿ ಅಳೆದಿದ್ದರೆ ಇದು ದೊಡ್ಡ ದೋಷವಾಗುತ್ತಿತ್ತು. ಸಾವನ್ನು ಎಣಿಸುವಾಗ ಅಷ್ಟು ಬಾಧಿಸದು. ನನ್ನ ಲೆಕ್ಕದಲ್ಲಿ ಇದಕ್ಕಿಂತ ಭಾರವಾದ ಮಿತಿ, ಅಧ್ಯಯನಕ್ಕೆ ಸೇರಿದವರೆಲ್ಲ ಆಸ್ಪತ್ರೆಯ ರೋಗಿಗಳು ಎಂಬುದು. ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ 10 ದಿನ ಕೊಟ್ಟ ಔಷಧದ ಫಲಿತಾಂಶವದು. 2021ರ ಎರಡನೇ ಅಲೆಯಲ್ಲಿ, ಆಮ್ಲಜನಕದ ಅಗತ್ಯವಿಲ್ಲದೆ ಮನೆಯಲ್ಲೇ ಇದ್ದುಕೊಂಡು ಸ್ಟೆರಾಯ್ಡ್ ಮಾತ್ರೆ ನುಂಗಿದವರ ಪರವಾಗಿ ಈ ಲೇಖನದಲ್ಲಿ ಒಂದು ಸಾಲೂ ಇಲ್ಲ.