ಪ್ರಮೋಷನ್ ಕೈತಪ್ಪಿತು, ಮ್ಯಾನೇಜರ್‌ಗೆ ಮೇಲ್ ಹಾಕಲೇ?

ಪ್ರಶ್ನೆ: ನನಗೆ 26 ವರ್ಷ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮೂರೂವರೆ ವರ್ಷದಿಂದ ಟೆಸ್ಟರ್ ಆಗಿದ್ದೇನೆ. ಈ ಏಪ್ರಿಲ್‌ನಲ್ಲಿ ಸೀನಿಯರ್ ಆಗ್ತೀನಿ ಅಂತ ನಂಬಿಕೊಂಡಿದ್ದೆ, ಆಗಲಿಲ್ಲ. ನನ್ನ ಜೊತೆಗೇ ಸೇರಿದವನಿಗೆ ಪ್ರಮೋಷನ್ ಬಂತು. ಕೇಳಿದ್ದಕ್ಕೆ ಮ್ಯಾನೇಜರ್ "ಕೆಲಸ ಚೆನ್ನಾಗಿದೆ, ಓನರ್‌ಶಿಪ್ ಇನ್ನೂ ಕಾಣಬೇಕು" ಅಂದರು. ಹೊಸ ಬದಲಾವಣೆಯಿಂದ ಹಳೆಯದೇನೂ ಕೆಟ್ಟಿಲ್ಲ ಅಂತ ನೋಡುವ ರಿಗ್ರೆಷನ್ ಟೆಸ್ಟಿಂಗ್‌ಗೆ ಎರಡು ದಿನ ಹಿಡಿಯುತ್ತಿತ್ತು, ಅದನ್ನು ಆಟೊಮೇಟ್ ಮಾಡಿ ಐದು ಗಂಟೆಗೆ ಇಳಿಸಿದವಳು ನಾನು. ಎಷ್ಟೋ ಶನಿವಾರ ಆಫೀಸಿನಲ್ಲೇ ಕಳೆದಿದ್ದೇನೆ. ಡಿಸೆಂಬರ್‌ನಲ್ಲಿ ಲೀಡ್ ರಜೆ ಹಾಕಿದಾಗ ಎರಡು ರಿಲೀಸ್‌ಗಳನ್ನು ನನ್ನ ತಲೆಗೆ ಕಟ್ಟಿದರು, ಅದನ್ನೂ ತುಟಿಪಿಟಕ್ಕೆನ್ನದೆ ಮಾಡಿದೆ. ಮೊನ್ನೆ ರಾತ್ರಿ ಕೂತು ಮ್ಯಾನೇಜರ್‌ಗೆ ಎರಡು ಪುಟದ ಮೇಲ್ ಬರೆದಿದ್ದೇನೆ, ಕಳಿಸಿಲ್ಲ. ಅಪ್ಪ "ಸುಮ್ನಿರು, ಕೆಲಸ ಉಳಿದರೆ ಸಾಕು" ಅನ್ನುತ್ತಾರೆ. ಕಳಿಸಲೇ, ಬೇಡವೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಕಳಿಸಿ. ಆದರೆ ಆ ಎರಡು ಪುಟವನ್ನಲ್ಲ.

ನೀವು ನನಗೆ ಕಳಿಸಿದ ಆ ಕರಡನ್ನು ಎರಡು ಸಲ ಓದಿದೆ. ಮೊದಲ ಪುಟ ಪೂರ್ತಿ ಶನಿವಾರಗಳ ಲೆಕ್ಕ. ಎರಡನೇ ಪುಟದ ಅರ್ಧ ನಿಮ್ಮ ಜೊತೆಯವನ ಬಗ್ಗೆ. ನಿಮ್ಮ ಕೈಯಲ್ಲಿರುವ ಅತಿ ಗಟ್ಟಿ ಸಾಕ್ಷಿ ಮಾತ್ರ ಕೊನೆಯಲ್ಲಿ, ಒಂದೇ ಸಾಲಿನಲ್ಲಿ, ಅದೂ ದೂರಿನ ಥರ ಬಂದಿದೆ: "ಲೀಡ್ ಇಲ್ಲದಾಗ ಎರಡು ರಿಲೀಸ್ ನನ್ನ ತಲೆಗೆ ಕಟ್ಟಿದರು." ಓನರ್‌ಶಿಪ್ ಕಾಣಲಿಲ್ಲ ಅಂದವರಿಗೆ ಇದಕ್ಕಿಂತ ನೇರವಾದ ಉತ್ತರ ಬೇರೆ ಇದೆಯಾ? ಈ ಬಿಲ್ಡ್ ಹೊರಗೆ ಹೋಗಬಹುದು ಅಂತ ಸೈನ್‌ಆಫ್ ಮೇಲ್ ಕಳಿಸುವುದು ಲೀಡ್ ಕೆಲಸ. ಅದನ್ನು ಎರಡು ಸಲ ನೀವು ಮಾಡಿದ್ದೀರಿ. ಅದು ಸೆಲ್ಫ್ ಅಪ್ರೈಸಲ್ ಫಾರಂನಲ್ಲಿ ಇತ್ತಾ ಅಂತ ಕೇಳಿದೆ. "ಅಯ್ಯೋ, ಬರೆಯಲೇ ಇಲ್ಲ" ಅಂದಿರಿ.

ಇದೇಕೆ ಇಷ್ಟು ಮುಖ್ಯ ಅಂತ ಹೇಳುತ್ತೇನೆ. ನಾನು ಕೆಲವು ವರ್ಷ ಮ್ಯಾನೇಜರ್ ಕುರ್ಚಿಯಲ್ಲಿ ಕೂತವಳು. ಹೆಚ್ಚಿನ ದೊಡ್ಡ ಕಂಪನಿಗಳಲ್ಲಿ ಪ್ರಮೋಷನ್ ಒಬ್ಬರ ತೀರ್ಮಾನವಲ್ಲ. ಕ್ಯಾಲಿಬ್ರೇಷನ್ ಅಂತ ಒಂದು ಮೀಟಿಂಗ್ ಇರುತ್ತದೆ. ಆರೇಳು ಮ್ಯಾನೇಜರ್‌ಗಳು, ಅವರ ಮೇಲಿನವರು, ಎಚ್‌ಆರ್‌ನವರು ಒಬ್ಬರು. ಹೆಸರುಗಳು ಇಪ್ಪತ್ತಿದ್ದರೆ ಜಾಗ ಐದೋ ಆರೋ. ಒಬ್ಬೊಬ್ಬರ ಬಗ್ಗೆ ಸಿಗುವುದು ಎರಡು ಮೂರು ನಿಮಿಷ. ಅಷ್ಟರಲ್ಲಿ ನಿಮ್ಮ ಮುಖವನ್ನೇ ನೋಡಿರದ ಇನ್ನೊಬ್ಬ ಮ್ಯಾನೇಜರ್ "ಇವರು ಮುಂದಿನ ಲೆವೆಲ್ ಕೆಲಸ ಈಗಾಗಲೇ ಏನು ಮಾಡಿದ್ದಾರೆ?" ಅಂತ ಕೇಳುತ್ತಾರೆ. ನಿಮ್ಮ ಮ್ಯಾನೇಜರ್ ಹತ್ತಿರ ಆಗ ಇರುವುದು ನಿಮ್ಮ ಫಾರಂ ಮಾತ್ರ. ಅದರಲ್ಲಿ "ಕಷ್ಟಪಟ್ಟು ಕೆಲಸ ಮಾಡಿದೆ" ಅಂತಿದ್ದರೆ, ಅವರಿಗೆ ನಿಮ್ಮ ಮೇಲೆ ಎಷ್ಟೇ ಒಳ್ಳೆ ಅಭಿಪ್ರಾಯ ಇರಲಿ, ಬಾಯಿ ಕಟ್ಟಿಹೋಗುತ್ತದೆ. ಹೊರಗೆ ಬಂದು ನಿಮಗೆ ಏನಾದರೂ ಹೇಳಬೇಕಲ್ಲ, "ಓನರ್‌ಶಿಪ್" ಅನ್ನುತ್ತಾರೆ. ನಾನೂ ಆ ಪದವನ್ನು ಹಾಗೆ ಬಳಸಿದ್ದೇನೆ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಹಾಗಾಗಿ ಈ ಮೇಲನ್ನು ಮ್ಯಾನೇಜರ್ ಒಬ್ಬರೇ ಓದುತ್ತಾರೆ ಅಂದುಕೊಂಡು ಬರೆಯಬೇಡಿ. ಅವರು ಒಂದಕ್ಷರ ತಿದ್ದದೆ ಮೇಲಿನವರಿಗೆ ಫಾರ್ವರ್ಡ್ ಮಾಡುವಂತಿರಬೇಕು. ಜೊತೆಯವನ ಹೆಸರು ಅದರಲ್ಲಿದ್ದರೆ ಯಾರು ಫಾರ್ವರ್ಡ್ ಮಾಡುತ್ತಾರೆ ಹೇಳಿ? ಆ ಅರ್ಧ ಪುಟ ಪೂರ್ತಿ ಅಳಿಸಿ. ಶನಿವಾರಗಳನ್ನೂ ಅಳಿಸಿ. ಅದು ನೋವಾಗುತ್ತೆ, ಗೊತ್ತು. ಆದರೆ ಶನಿವಾರ ಬಂದಿದ್ದು ಈಗಿನ ಲೆವೆಲ್‌ನ ಕೆಲಸ ಜಾಸ್ತಿ ಮಾಡಿದ್ದಕ್ಕೆ ಸಾಕ್ಷಿ, ಮುಂದಿನ ಲೆವೆಲ್‌ನ ಕೆಲಸ ಮಾಡಿದ್ದಕ್ಕಲ್ಲ. ಕೆಲವರು ಅದನ್ನು ಓದಿ "ಹಗಲು ಮುಗಿಸೋಕೆ ಆಗಲ್ವಾ?" ಅಂತಲೂ ಕೇಳುತ್ತಾರೆ, ಅಂಥವರೂ ಇದ್ದಾರೆ.

ಇನ್ನು ನಿಮ್ಮ "ಎರಡು ದಿನದಿಂದ ಐದು ಗಂಟೆಗೆ". ಇದರ ಬಗ್ಗೆ ಸ್ವಲ್ಪ ಹೊತ್ತು ಮಾತಾಡಬೇಕು, ಯಾಕೆಂದರೆ ನೀವು ಬಿದ್ದುಹೋಗುವುದು ಇಲ್ಲೇ. ನಾನು ಕೇಳಿದ್ದಕ್ಕೆ ನೀವು ಕೊಟ್ಟ ವಿವರ ಹೀಗಿತ್ತು: ಒಟ್ಟು 600 ಟೆಸ್ಟ್ ಕೇಸ್, ಮೊದಲು ಮೂರು ಜನ ಎರಡು ದಿನ ಕೂತು ಕೈಯಲ್ಲೇ ಓಡಿಸುತ್ತಿದ್ದಿರಿ. ಈಗ 420 ಕೇಸ್ ಆಟೊಮೇಟ್ ಆಗಿವೆ, ಅವು ರಾತ್ರಿ ಐದು ಗಂಟೆಯಲ್ಲಿ ತಾವೇ ಓಡಿ ಮುಗಿಯುತ್ತವೆ. ಉಳಿದ 180 ಇನ್ನೂ ಕೈಯಲ್ಲೇ.

ಲೆಕ್ಕ ಹಾಕಿ. ಮೂರು ಜನ ಎರಡು ದಿನ ಅಂದರೆ ಒಬ್ಬರ ಆರು ದಿನದ ಕೆಲಸ. 600 ಕೇಸನ್ನು ಆರರಿಂದ ಭಾಗಿಸಿದರೆ ಒಬ್ಬರಿಗೆ ದಿನಕ್ಕೆ 100. ಆ ಲೆಕ್ಕದಲ್ಲಿ ಉಳಿದ 180ಕ್ಕೆ ಈಗಲೂ ಒಬ್ಬರಿಗೆ ಸುಮಾರು ಎರಡು ದಿನ ಬೇಕು. ಅಂದರೆ "ಐದು ಗಂಟೆ" ಅನ್ನೋದು ಮಷಿನ್ ಓಡುವ ಸಮಯ, ಕೆಲಸ ಮುಗಿಯುವ ಸಮಯವಲ್ಲ. ಬೆಳಗ್ಗೆ ಬಂದು ಯಾವ ಫೇಲ್ ನಿಜವಾದ ಬಗ್, ಯಾವುದು ಸ್ಕ್ರಿಪ್ಟ್‌ನದೇ ತಕರಾರು ಅಂತ ನೋಡುವುದಕ್ಕೂ ಹೊತ್ತು ಹೋಗುತ್ತದೆ. ಆ ಮೀಟಿಂಗ್‌ನಲ್ಲಿ ಟೆಸ್ಟಿಂಗ್ ಗೊತ್ತಿರುವ ಒಬ್ಬರಿದ್ದರೆ ಸಾಕು, "ಮ್ಯಾನುಯಲ್ ಕೇಸ್ ಎಷ್ಟು ಉಳಿದಿವೆ?" ಅಂತ ಕೇಳಿಬಿಡುತ್ತಾರೆ. ಅಲ್ಲಿಗೆ ನೀವು ಬರೆದ ಬೇರೆ ನಿಜಗಳ ಮೇಲೂ ಅನುಮಾನ ಶುರು. "ಒಬ್ಬರ ಆರು ದಿನದ ಕೆಲಸ ಸುಮಾರು ಎರಡು ದಿನಕ್ಕೆ ಇಳಿದಿದೆ" ಅಂತ ಬರೆಯಿರಿ. ಕೇಳೋಕೆ ಅಷ್ಟು ಭರ್ಜರಿ ಅಲ್ಲ. ಆದರೆ ಯಾರು ಕೆದಕಿದರೂ ನಿಲ್ಲುತ್ತದೆ, ಪ್ರತಿ ರಿಲೀಸ್‌ಗೂ ನಾಲ್ಕು ದಿನ ಉಳಿತಾಯ ಅನ್ನೋದೇನು ಕಡಿಮೆ ಅಲ್ಲ.

ಇನ್ನೊಂದು. ಆ ಸ್ಕ್ರಿಪ್ಟ್‌ಗಳಿಗೆ ಬೇಕಾದ ಮೊದಲಿನ ಸೆಟಪ್ ಬೇರೆ ಟೀಮಿನವರು ಮಾಡಿಕೊಟ್ಟರು ಅಂತಲೂ ಹೇಳಿದಿರಿ. ಅದನ್ನೂ ಬರೆಯಿರಿ. ಪೂರ್ತಿ ನನ್ನದೇ ಅಂದರೆ ಆ ಟೀಮಿನ ಮ್ಯಾನೇಜರ್ ಅದೇ ಮೀಟಿಂಗ್‌ನಲ್ಲಿ ಕೂತಿರುತ್ತಾರೆ, ಅಲ್ವಾ?

ಮೇಲ್ ಹೇಗಿರಬಹುದು ಅಂತ ಒಂದು ನಮೂನೆ ಕೊಡುತ್ತೇನೆ. ನೀವು ಕಳಿಸುವುದು ಇಂಗ್ಲಿಷಿನಲ್ಲೇ ಇರುತ್ತದೆ, ಆದರೂ ಮೊದಲು ಕನ್ನಡದಲ್ಲಿ ಬರೆದು ನೋಡಿ, ಕೋಪ ಎಲ್ಲಿ ಇಣುಕುತ್ತಿದೆ ಅಂತ ಬೇಗ ಗೊತ್ತಾಗುತ್ತದೆ. ಸಬ್ಜೆಕ್ಟ್ ಸಾಲಿನಲ್ಲಿ "ಪ್ರಮೋಷನ್ ತೀರ್ಮಾನ ಮರುಪರಿಶೀಲನೆಗೆ ಕೋರಿಕೆ" ಅಂದರೆ ಸಾಕು.

"ನಮಸ್ಕಾರ ಸರ್. ಕಳೆದ ವಾರ ಸಮಯ ಕೊಟ್ಟು ಮಾತಾಡಿದ್ದಕ್ಕೆ ಥ್ಯಾಂಕ್ಸ್. ಓನರ್‌ಶಿಪ್ ಇನ್ನೂ ಕಾಣಬೇಕು ಅಂದಿರಿ. ಅದಕ್ಕೆ ಸಂಬಂಧಿಸಿದ ಎರಡು ವಿಷಯ ನನ್ನ ಫಾರಂನಲ್ಲಿ ಸರಿಯಾಗಿ ಬಂದಿಲ್ಲ, ಅದು ನನ್ನ ತಪ್ಪು. ಅವನ್ನು ನೋಡಿ ತೀರ್ಮಾನವನ್ನು ಮತ್ತೊಮ್ಮೆ ಪರಿಶೀಲಿಸಬೇಕೆಂದು ಕೋರುತ್ತೇನೆ.

ಒಂದು, ಲೀಡ್ ರಜೆಯಲ್ಲಿದ್ದಾಗ ಎರಡು ರಿಲೀಸ್‌ಗಳ ಟೆಸ್ಟಿಂಗ್ ಪ್ಲ್ಯಾನ್ ಮಾಡಿ ಸೈನ್‌ಆಫ್ ಕೊಟ್ಟವಳು ನಾನು. ಎರಡನೆಯದರಲ್ಲಿ ಒಂದು ಬಗ್ ಸಿಕ್ಕಿದ್ದರಿಂದ ಒಂದು ದಿನ ತಡೆಹಿಡಿಯಲು ಹೇಳಿದ್ದೆ. ಸೈನ್‌ಆಫ್ ಮೇಲ್‌ಗಳ ತಾರೀಖು, ಟಿಕೆಟ್ ನಂಬರ್ ಕೆಳಗಿವೆ. ಎರಡು, ರಿಗ್ರೆಷನ್‌ನ 600 ಕೇಸ್‌ಗಳಲ್ಲಿ 420 ಆಟೊಮೇಟ್ ಮಾಡಿದ್ದೇನೆ. ಒಬ್ಬರ ಆರು ದಿನದ ಕೆಲಸ ಸುಮಾರು ಎರಡು ದಿನಕ್ಕೆ ಇಳಿದಿದೆ. ಮೊದಲಿನ ಸೆಟಪ್‌ಗೆ ಬೇರೆ ಟೀಮಿನವರ ಸಹಾಯವಿತ್ತು. ಸ್ಕ್ರಿಪ್ಟ್ ಬರೆದಿದ್ದು, ಈಗ ನೋಡಿಕೊಳ್ಳುತ್ತಿರುವುದು ನಾನು.

ಈ ಸಲದ ಪಟ್ಟಿ ಬದಲಿಸಲು ಆಗದಿದ್ದರೆ, ಮುಂದಿನ ಸುತ್ತು ಯಾವಾಗ, ಅಷ್ಟರೊಳಗೆ ಯಾವ ಕೆಲಸ ನಾನು ಒಬ್ಬಳೇ ನಡೆಸಿ ತೋರಿಸಬೇಕು ಎಂದು ತಿಳಿಸಿ. ಈ ವಾರ ಅರ್ಧ ಗಂಟೆ ಸಿಗಬಹುದೇ?"

ಇಷ್ಟೇ. ಫೋನಿನಲ್ಲಿ ಎರಡು ಸಲ ಬೆರಳು ಸರಿಸಿದರೆ ಮುಗಿಯಬೇಕು. ಅಂದಹಾಗೆ, ಆ ಬಗ್ ಸಿಕ್ಕಿ ರಿಲೀಸ್ ಒಂದು ದಿನ ನಿಂತ ವಿಷಯ ನೀವು ನನಗೆ ಹೇಳಿದ್ದು "ಅವತ್ತು ಎಲ್ಲರ ಕೈಲೂ ಬೈಸಿಕೊಂಡೆ" ಅಂತ! ಎಲ್ಲರೂ ಬೈಯುವಾಗಲೂ ಬೇಡ ಅಂತ ಹಿಡಿದು ನಿಲ್ಲಿಸುವುದೇ ಸೀನಿಯರ್ ಟೆಸ್ಟರ್ ಕೆಲಸ. ಆ ಟಿಕೆಟ್ ನಂಬರನ್ನು ಮರೆಯದೆ ಹಾಕಿ.

ಕೊನೆಯ ಪ್ಯಾರಾ ಹಾಗೇಕೆ ಇದೆ ಅಂದರೆ, ಪ್ರಮೋಷನ್ ಲೆಟರ್‌ಗಳು ಕೈಗೆ ಬಂದಮೇಲೆ ಪಟ್ಟಿ ಬದಲಾಗುವುದು ಅಪರೂಪ. ಬಜೆಟ್ ಮುಗಿದಿರುತ್ತದೆ, ನಿಮಗೆ ಕೊಡಬೇಕೆಂದರೆ ಮೇಲಿನವರು ಬೇರೆಯಾಗಿ ಒಪ್ಪಿಗೆ ಕೊಡಬೇಕು. ಬರೀ "ಬದಲಿಸಿ" ಅಂದರೆ "ಆಗಲ್ಲ" ಅಂದು ಮುಗಿಸಬಹುದು. ಎರಡನೇ ಪ್ರಶ್ನೆ ಇದ್ದರೆ ಉತ್ತರ ಬರೆಯಲೇಬೇಕಾಗುತ್ತದೆ. ಕೆಲವು ಕಂಪನಿಗಳಲ್ಲಿ ಅಕ್ಟೋಬರ್‌ಗೆ ಒಂದು ಚಿಕ್ಕ ಸುತ್ತು ಇರುತ್ತದೆ. ನಿಮ್ಮಲ್ಲಿ ಇದೆಯಾ ಅಂತ ಎಚ್‌ಆರ್ ಪಾಲಿಸಿಯಲ್ಲಿ ಮೊದಲೇ ನೋಡಿಕೊಳ್ಳಿ. ಹಾಗೇ ಸೀನಿಯರ್ ಟೆಸ್ಟರ್ ಏನು ಮಾಡಬೇಕು ಅಂತ ಬರೆದಿಟ್ಟ ಪುಟ ಇದ್ದರೆ ಅದನ್ನೂ ತೆರೆದು, ಅಲ್ಲಿನ ಮಾತುಗಳನ್ನೇ ಮೇಲ್‌ನಲ್ಲಿ ಬಳಸಿ.

ಸಿಸಿಯಲ್ಲಿ ಯಾರನ್ನೂ ಹಾಕಬೇಡಿ, ಎಚ್‌ಆರ್‌ನವರನ್ನಂತೂ ಬೇಡವೇ ಬೇಡ. ಮೊದಲ ಮೇಲ್‌ಗೇ ಹಾಕಿದರೆ ಅದು ಜಗಳ ಅಂತಲೇ ಓದಿಸಿಕೊಳ್ಳುತ್ತದೆ. ಸಾಕ್ಷಿ ಕೂಡಿಸುವ ಭರದಲ್ಲಿ ಆಫೀಸಿನ ಮೇಲ್‌ಗಳನ್ನು ನಿಮ್ಮ ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ, ನಿಮ್ಮ ಮಾತಿನ ಧಾಟಿ ನೋಡಿದರೆ ಆ ಯೋಚನೆ ಇದ್ದಂತಿದೆ. ಎಷ್ಟೋ ಕಂಪನಿಗಳಲ್ಲಿ ಅದೇ ಕೆಲಸ ಕಳೆದುಕೊಳ್ಳಲು ಕಾರಣವಾಗಬಹುದು. ಅಪ್ಪನ ಭಯ ನಿಜವಾಗುವುದಿದ್ದರೆ ಅದರಿಂದ, ಈ ಮೇಲ್‌ನಿಂದಲ್ಲ. ತಾರೀಖು, ಟಿಕೆಟ್ ನಂಬರ್ ಬರೆದರೆ ಸಾಕು, ಮ್ಯಾನೇಜರ್ ಅಲ್ಲೇ ತೆಗೆದು ನೋಡಿಕೊಳ್ಳುತ್ತಾರೆ.

ಒಂದು ವಾರ ಕಾಯಿರಿ. ಉತ್ತರ ಬರದಿದ್ದರೆ ಹೊಸ ಮೇಲ್ ಬೇಡ, ಎದುರಿಗೇ ಹೋಗಿ "ಸರ್, ಆ ಅರ್ಧ ಗಂಟೆ ಯಾವಾಗ?" ಅಂತ ಕೇಳಿ. ಮಾತಾದ ಮೇಲೆ ಅವರು ಹೇಳಿದ್ದನ್ನು ಮೂರ್ನಾಲ್ಕು ಸಾಲಲ್ಲಿ ಬರೆದು ಅದೇ ಮೇಲ್‌ಗೆ ರಿಪ್ಲೈ ಮಾಡಿಬಿಡಿ. ಮ್ಯಾನೇಜರ್‌ಗಳು ಬದಲಾಗುತ್ತಾರೆ. ನನಗೊಮ್ಮೆ ಬಾಯಿಮಾತಲ್ಲಿ ಆದ ಒಪ್ಪಂದ, ಹೇಳಿದವರು ಕೆಲಸ ಬಿಟ್ಟ ದಿನವೇ ಗಾಳಿಗೆ ಹೋಯಿತು. ಹೊಸಬರಿಗೆ ತೋರಿಸಲು ನನ್ನ ಹತ್ತಿರ ಒಂದು ಸಾಲೂ ಇರಲಿಲ್ಲ.

ಕಳಿಸುವ ಮೊದಲು ಆ ಎರಡು ಸೈನ್‌ಆಫ್ ಮೇಲ್‌ಗಳನ್ನು ಹುಡುಕಿ ತಾರೀಖು ನೋಡಿ. ಪ್ರಶ್ನೆಯಲ್ಲಿ ಡಿಸೆಂಬರ್ ಅಂತ ಬರೆದಿದ್ದೀರಿ, ಆಮೇಲೆ ನನಗೆ ಕೊಟ್ಟ ವಿವರದಲ್ಲಿ ಎರಡನೇ ರಿಲೀಸ್ ಜನವರಿ ಅಂತಿದೆ.