ಟ್ರೆಂಡಿಂಗ್ ಹಾಡು ಡೌನ್‌ಲೋಡ್ ಮಾಡಿ ರೀಲ್‌ಗೆ ಹಾಕಬಹುದೇ?

ಪ್ರಶ್ನೆ: ಪುಣೆಯಲ್ಲಿ ನಮ್ಮದು ಸಣ್ಣ ಉಡುಪಿ ಹೋಟೆಲ್. ಇನ್‌ಸ್ಟಾಗ್ರಾಮ್‌ನಲ್ಲಿ ಬಿಸಿನೆಸ್ ಅಕೌಂಟ್ ಇದೆ. ಗಣಪತಿ ಹಬ್ಬಕ್ಕೆ ಎಲ್ಲರೂ ಹಾಕ್ತಿರೋ ಹಾಡು ನಮ್ಮ ಲೈಬ್ರರಿಯಲ್ಲಿ ಕಾಣ್ತಿಲ್ಲ. ಡೌನ್‌ಲೋಡ್ ಮಾಡಿ ಎಡಿಟಿಂಗ್‌ನಲ್ಲೇ ಸೇರಿಸಿದ್ರೆ ವ್ಯೂಸ್ ಬರುತ್ತಾ? ತೊಂದರೆ ಆಗುತ್ತಾ?

ಉತ್ತರ: ಹಾಗೆ ಸೇರಿಸಿದರೆ ನೀವು ಬಯಸುವ ಲಾಭವೇ ಕೈತಪ್ಪಬಹುದು. ಟ್ರೆಂಡಿಂಗ್ ಆಡಿಯೊಗೆ ತನ್ನದೇ ಒಂದು ಪುಟ ಇರುತ್ತದೆ. ರೀಲ್‌ನ ಕೆಳಗಿನ ಹಾಡಿನ ಹೆಸರು ಒತ್ತಿದವರು ಆ ಪುಟಕ್ಕೆ ಹೋಗಿ, ಅದೇ ಹಾಡಿನ ಬೇರೆ ರೀಲ್‌ಗಳನ್ನು ನೋಡುತ್ತಾರೆ. ಎಡಿಟಿಂಗ್‌ನಲ್ಲಿ ಸೇರಿಸಿದ ಹಾಡು ಸಾಮಾನ್ಯವಾಗಿ ನಿಮ್ಮ ಹೆಸರಲ್ಲಿ Original audio ಎಂದೇ ದಾಖಲಾಗುತ್ತದೆ, ಆ ಪುಟಕ್ಕೆ ಸೇರುವುದಿಲ್ಲ. ಅಷ್ಟಕ್ಕೂ ಹಾಡಿನಿಂದ ಸಿಗುವುದು ಸಣ್ಣ ತಳ್ಳು ಮಾತ್ರ. ಮೊದಲ ಮೂರ್ನಾಲ್ಕು ಸೆಕೆಂಡ್‌ನಲ್ಲಿ ಜನ ಮೇಲೆ ಸರಿಸಿಬಿಟ್ಟರೆ ಯಾವ ಹಾಡೂ ಕಾಪಾಡದು.

ಲೈಬ್ರರಿಯಲ್ಲಿ ಹಾಡು ಕಾಣದಿರುವುದಕ್ಕೆ ಕಾರಣ ಪರವಾನಗಿ. ಸಿನಿಮಾ ಹಾಡುಗಳ ಒಪ್ಪಂದ ವೈಯಕ್ತಿಕ ಬಳಕೆಗೆ, ವ್ಯಾಪಾರದ ಪ್ರಚಾರಕ್ಕಲ್ಲ. ಹಾಗಾಗಿ ಮಗನ ಪರ್ಸನಲ್ ಅಕೌಂಟ್‌ನಿಂದ ಹೋಟೆಲ್ ಜಾಹೀರಾತು ಹಾಕುವುದೂ ದಾರಿಯಲ್ಲ. ಹದಿನೈದು ಸೆಕೆಂಡ್ ಒಳಗಾದರೆ ನಡೆಯುತ್ತೆ ಅನ್ನುತ್ತಾರಲ್ಲ, ಅಂಥ ವಿನಾಯಿತಿ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಇಲ್ಲ.

ಅಪ್‌ಲೋಡ್ ಆದ ಧ್ವನಿಯನ್ನು ವ್ಯವಸ್ಥೆ ಹಕ್ಕುದಾರರ ಹಾಡುಗಳ ಜೊತೆ ತಾಳೆ ನೋಡುತ್ತದೆ. ಹೊಂದಿದರೆ ರೀಲ್ ಮ್ಯೂಟ್ ಆಗಬಹುದು, ಕೆಲವು ದೇಶಗಳಲ್ಲಿ ಕಾಣದೆ ಹೋಗಬಹುದು, ಅಥವಾ ತೆಗೆದೇ ಹಾಕಬಹುದು. ಹಬ್ಬದ ವಾರದಲ್ಲಿ ಓಡುತ್ತಿರುವ ರೀಲ್ ಮ್ಯೂಟ್ ಆದರೆ ಅದನ್ನು ಅಳಿಸಿ ಮತ್ತೆ ಹಾಕಬೇಕಾಗಿ ಬರಬಹುದು, ಆಗ ಬಂದ ವ್ಯೂಸ್, ಕಾಮೆಂಟ್ ಎಲ್ಲ ಹೋದಂತೆ. ವೇಗ ಅಥವಾ ಶ್ರುತಿ ಬದಲಿಸಿ ತಪ್ಪಿಸಿಕೊಳ್ಳುತ್ತೇನೆ ಅನ್ನುವವರಿದ್ದಾರೆ. ಯಂತ್ರ ಹಿಡಿಯದಿದ್ದರೂ ಹಕ್ಕುದಾರರು ನೇರ ದೂರು ಕೊಡಬಹುದು, ದೂರು ಪದೇಪದೇ ಬಂದರೆ ಅಕೌಂಟ್‌ಗೇ ಕುತ್ತು. ಇನ್ನೊಬ್ಬರ Original audio ಬಳಸುವಾಗಲೂ ಕಿವಿಗೊಟ್ಟು ಕೇಳಿ. ಒಳಗೆ ಸಿನಿಮಾ ಹಾಡಿದ್ದು ಅದನ್ನು ತೆಗೆದುಹಾಕಿದರೆ, ಅದನ್ನು ಬಳಸಿದ ನಿಮ್ಮ ರೀಲೂ ಮೂಕವಾಗುತ್ತದೆ.

ನಿಮ್ಮ ಊರಲ್ಲಿ ಇದಕ್ಕೆ ಒಳ್ಳೆಯ ಬದಲಿ ಇದೆ: ಢೋಲ್-ತಾಶಾ. ಅದನ್ನು ಬಾರಿಸುವ ತಂಡ, ಅಂದರೆ ಪಥಕದವರನ್ನು ಕೇಳಿ, ಅವರ ತಾಲೀಮಿನಲ್ಲಿ ಇಪ್ಪತ್ತು ಸೆಕೆಂಡ್ ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿ. ತೀರಾ ಹತ್ತಿರ ನಿಂತರೆ ಸದ್ದು ಒಡೆಯುತ್ತದೆ, ಹತ್ತು ಹನ್ನೆರಡು ಹೆಜ್ಜೆ ಹಿಂದೆ ಸರಿಯಿರಿ. ಪಕ್ಕದಲ್ಲಿ ಡಿಜೆ ಹಾಡು ಕೇಳಿಸುತ್ತಿದ್ದರೆ ಬೇಡ, ಅದೂ ಸಿಕ್ಕಿಬೀಳುತ್ತದೆ. ಬಾಣಲೆಯಲ್ಲಿ ಮೋದಕ ಕರಿಯುವ ಸದ್ದನ್ನು ಮೊದಲ ಎರಡು ಸೆಕೆಂಡ್ ಇಟ್ಟು, ಆಮೇಲೆ ತಾಶಾ ಏರಿಸಿ, ಮೇಲೆ ಮರಾಠಿಯಲ್ಲೋ ಕನ್ನಡದಲ್ಲೋ ನಿಮ್ಮ ಮಾತು. ಹಳೆಯ ಆರತಿ ಬೇಕೆಂದರೆ ನೀವೇ ಹಾಡಿ: ಶತಮಾನಗಳ ಹಿಂದಿನ ಪದಗಳಿಗೆ ಈಗ ಹಕ್ಕಿಲ್ಲ, ಕಂಪನಿಯ ಧ್ವನಿಮುದ್ರಣಕ್ಕೆ ಮಾತ್ರ ಬಿಡುಗಡೆಯಾದ ಮೇಲೆ 60 ವರ್ಷ ಇರುತ್ತದೆ.

ಹೀಗೆ ನೀವೇ ಮಾಡಿದ ಆಡಿಯೊಗೆ ಹೋಟೆಲ್ ಹೆಸರನ್ನೇ ಇಡಿ. ಬದಲಿಸಲು ಒಂದೇ ಅವಕಾಶ, ಕಾಗುಣಿತ ನೋಡಿಕೊಳ್ಳಿ. ಹಿನ್ನೆಲೆ ಸಂಗೀತವೇ ಬೇಕಿದ್ದರೆ ಇನ್‌ಸ್ಟಾಗ್ರಾಮ್‌ನ ಒಡೆಯ ಮೆಟಾ ಕಂಪನಿಯದೇ ಸಂಗೀತ ಸಂಗ್ರಹ Meta Sound Collection ಇದೆ, ಸ್ವಲ್ಪ ಸಪ್ಪೆ, ಆದರೆ ದುಡ್ಡು ಕೊಟ್ಟು ಬೂಸ್ಟ್ ಮಾಡುವಾಗ ಅಡ್ಡಿ ಬರುವುದಿಲ್ಲ. ಬೇರೆಯವರ ಹಕ್ಕಿರುವ ಹಾಡಿನ ರೀಲ್‌ಗೆ ಆ ಬೂಸ್ಟ್ ಸಿಗುವುದಿಲ್ಲ.