ಚಕ್ಕೆ ಜಲ್ಲಿಯಿಂದ ಕಾಂಕ್ರೀಟಿಗೆ ಏನು ತೊಂದರೆ?

ಚಪ್ಪಟೆ ಜಲ್ಲಿ ಬಂದರೆ ವಾಪಸ್ ಕಳಿಸಿ ಅಂತಾರೆ. ಕಲ್ಲು ಗಟ್ಟಿಯೇ ಇದೆ ಅಲ್ವಾ, ಮತ್ತೆ ಯಾಕೆ?

ಚಕ್ಕೆ ಜಲ್ಲಿಗೆ ಸಿಮೆಂಟ್ ಜಾಸ್ತಿ ಬೇಕು, ಹಾಕದಿದ್ದರೆ ಕಾಂಕ್ರೀಟ್ ಸೊರಗುತ್ತದೆ. ದುಂಡನೆಯ ಜಲ್ಲಿ ಒತ್ತಾಗಿ ಕೂರುತ್ತದೆ. ಚಕ್ಕೆಗಳು ಅಡ್ಡಾದಿಡ್ಡಿ ಸಿಕ್ಕಿಕೊಂಡು ಸಂದು ಬಿಡುತ್ತವೆ, ಅಷ್ಟೇ ಕಲ್ಲಿಗೆ ಮೈಯೂ ಹೆಚ್ಚು. ಸಂದು ತುಂಬಿ ಮೈಗೆ ಹತ್ತಲು ಗಾರೆ ಸಾಲುವುದಿಲ್ಲ. ಮಾಲು ಬಿಗಿಯಾಯ್ತು ಅಂತ ಮೇಸ್ತ್ರಿ ನೀರು ಸುರಿಯುತ್ತಾರೆ.

50 ಕೆಜಿ ಮೂಟೆಗೆ 25 ಲೀಟರ್ ಸಾಕಿದ್ದ ಕಡೆ 30 ಲೀಟರ್ ಆಯಿತು ಅಂದುಕೊಳ್ಳಿ. ಅದೇ ಗಟ್ಟಿತನ ಉಳಿಯಲು ಸಿಮೆಂಟೂ 60 ಕೆಜಿ ಆಗಬೇಕು. ಇಲ್ಲವಾದರೆ ಹೆಚ್ಚಿನ ನೀರು ಆರಿದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತವೆ. ಜೊತೆಗೆ, ಮಲಗಿದ ಚಕ್ಕೆಯ ಅಡಿಯಲ್ಲಿ ಮೇಲೇರುವ ನೀರು ತಡೆದು ನಿಂತು ಹಿಡಿತ ತಪ್ಪಿಸುತ್ತದೆ. ಬಿರುಕು ಅಲ್ಲಿಂದಲೇ ಶುರು.

ಆಕಾರದ ಹಾಗೆ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಜಲ್ಲಿಗೆ ಗಾರೆ ಕಡಿಮೆ ಸಾಕು, ಆದರೆ ಅದು ಕಂಬಿಗಳ ನಡುವೆ ಸಲೀಸಾಗಿ ಇಳಿಯಬೇಕು. ಬರೀ 20 ಎಂಎಂ ಹಾಕಿದರೂ ಸಂದು ಉಳಿಯುತ್ತದೆ, ಅದಕ್ಕೇ 12 ಎಂಎಂ ಬೆರೆಸುವುದು.

16ರಿಂದ 20 ಎಂಎಂ ಜಲ್ಲಿಯಲ್ಲಿ 10.8 ಎಂಎಂಗಿಂತ ತೆಳುವಾದದ್ದು ಚಕ್ಕೆ. ಲೋಡ್ ಇಳಿಸುವ ಮುಂಚೆ ಒಂದು ಬಾಂಡ್ಲಿ ತೆಗೆದು ಚಕ್ಕೆ ಎಷ್ಟಿದೆ ಅಂತ ಆರಿಸಿ ನೋಡಿ.